ಒಂದು ಬಲ್ಬು ಇನ್ನೊಂದನ್ನು ನೋಡಬಾರದು

ಚದುರಂಗದ ಹಾಸಿನಂಥ ಒಂದು ಚೌಕ. ಅದರ ಕೆಲವು ಮನೆಗಳು ಕಪ್ಪು, ಉಳಿದವೆಲ್ಲ ಬಿಳಿ. ಕಪ್ಪು ಮನೆಗಳಲ್ಲಿ ಕೆಲವಕ್ಕೆ ಒಂದೊಂದು ಅಂಕಿ ಬರೆದಿರುತ್ತಾರೆ. ಬಿಳಿ ಮನೆಗಳಲ್ಲಿ ಬಲ್ಬು ಹಾಕುತ್ತಾ ಹೋಗಿ, ಒಂದು ಬಿಳಿ ಮನೆಯೂ ಕತ್ತಲಲ್ಲಿ ಉಳಿಯದಂತೆ ಇಡೀ ಚೌಕವನ್ನು ಬೆಳಗಿಸಬೇಕು. ಬಲ್ಬು ಎಷ್ಟು ಬೇಕಾದರೂ ಹಾಕಬಹುದು ಎಂದಿದ್ದರೆ ಇದು ಮಕ್ಕಳಾಟವಾಗುತ್ತಿತ್ತು. ಹಾಗಾಗದಂತೆ ತಡೆಯುವ ಷರತ್ತು ಒಂದಿದೆ: ಒಂದು ಬಲ್ಬಿನ ಬೆಳಕು ಇನ್ನೊಂದು ಬಲ್ಬಿನ ಮೇಲೆ ಬೀಳಬಾರದು. ಎಲ್ಲವೂ ಬೆಳಗಬೇಕು ಎಂಬ ನಿಯಮ ಬಲ್ಬು ಹೆಚ್ಚಿಸಲು ಹೇಳುತ್ತದೆ, ಒಂದನ್ನೊಂದು ನೋಡಬಾರದು ಎಂಬ ನಿಯಮ ಕಡಿಮೆ ಮಾಡಲು ಹೇಳುತ್ತದೆ. ಈ ಎರಡರ ಜಗ್ಗಾಟದ ನಡುವೆ ಉಳಿಯುವ ಒಂದೇ ಒಂದು ಜೋಡಣೆಯನ್ನು ಹುಡುಕುವುದೇ ಅಕಾರಿ.

ಇದು ಜಪಾನಿನ ಒಗಟು. ಟೋಕಿಯೋದ ನಿಕೋಲಿ ಪ್ರಕಾಶನ ಸಂಸ್ಥೆ ತನ್ನ ಒಗಟು ಪತ್ರಿಕೆಯ ಮೂಲಕ ಈ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ಓದುಗರಿಗೆ ಪರಿಚಯಿಸಿತು. ಜಪಾನಿನಲ್ಲಿ ಇದಕ್ಕೆ ಬಿಜುತ್ಸುಕಾನ್, ಅಂದರೆ ಕಲಾ ಸಂಗ್ರಹಾಲಯ, ಎಂಬ ಹೆಸರೂ ಇದೆ. ಇಂಗ್ಲಿಷ್ ಬಲ್ಲವರು ಲೈಟ್ ಅಪ್ ಎನ್ನುತ್ತಾರೆ. ನಿಕೋಲಿ ಎಂದರೆ ನಮಗೆ ತೀರಾ ಅಪರಿಚಿತವೇನಲ್ಲ. ಕನ್ನಡ ಪತ್ರಿಕೆಗಳಲ್ಲೂ ಬರುವ ಸುಡೊಕು ಅಮೆರಿಕದಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದ್ದರೂ, 1984ರಲ್ಲಿ ಅದನ್ನು ಜಪಾನಿಗೆ ತಂದು, ಹೆಸರಿಟ್ಟು, ತಿದ್ದಿ ಬೆಳೆಸಿದ್ದು ಇದೇ ಸಂಸ್ಥೆ. ಅದರ ಸ್ಥಾಪಕರಲ್ಲೊಬ್ಬರಾದ ಮಾಕಿ ಕಾಜಿ 1980ರಲ್ಲಿ ಗೆಳೆಯರೊಡನೆ ಪತ್ರಿಕೆ ಆರಂಭಿಸಿ, 2021ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸುಡೊಕುವಿನ ಪಿತಾಮಹ ಎಂದೇ ಹೆಸರಾಗಿದ್ದರು. ಓದುಗರೇ ಹೊಸ ಬಗೆಯ ಒಗಟುಗಳನ್ನು ಕಟ್ಟಿ ಕಳಿಸುವುದು, ಸಂಪಾದಕರು ಅವನ್ನು ಒರೆಗೆ ಹಚ್ಚುವುದು ಆ ಪತ್ರಿಕೆಯ ಪದ್ಧತಿ. ಸುಡೊಕುವಿಗೆ ಸಿಕ್ಕ ಪ್ರಚಾರ ಅಕಾರಿಗೆ ಸಿಗಲಿಲ್ಲ. ನನ್ನ ಮಟ್ಟಿಗೆ ಅಕಾರಿಯೇ ಹೆಚ್ಚು ಚೆಲುವಾದ ಒಗಟು. ಏಕೆಂದರೆ ಇದರಲ್ಲಿ ಒಂದು ತೀರ್ಮಾನ ಪುಟದ ಒಂದು ಮೂಲೆಯಲ್ಲಿ ಹುಟ್ಟಿ ಇನ್ನೊಂದು ಮೂಲೆಗೆ ಹೋಗಿ ಮುಟ್ಟುವುದನ್ನು ಕಣ್ಣಾರೆ ನೋಡಬಹುದು.

ನಿಯಮಗಳನ್ನು ಪೂರ್ತಿಯಾಗಿ ಹೇಳಿಬಿಡುತ್ತೇನೆ. ಬಲ್ಬನ್ನು ಬಿಳಿ ಮನೆಯಲ್ಲಿ ಮಾತ್ರ ಹಾಕಬೇಕು. ಅದರ ಬೆಳಕು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನೇರವಾಗಿ ಹರಿಯುತ್ತದೆ. ಕಪ್ಪು ಮನೆ ಅಡ್ಡ ಬಂದರೆ ಅಥವಾ ಚೌಕದ ಅಂಚು ಬಂದರೆ ಅಲ್ಲಿಗೆ ನಿಲ್ಲುತ್ತದೆ. ಓರೆಯಾಗಿ ಹರಿಯುವುದಿಲ್ಲ. ಕಪ್ಪು ಮನೆಯಲ್ಲಿರುವ ಅಂಕಿ, ಆ ಮನೆಯ ನಾಲ್ಕು ಪಕ್ಕಗಳಿಗೆ ಅಂಟಿಕೊಂಡಿರುವ ಮನೆಗಳಲ್ಲಿ ಒಟ್ಟು ಎಷ್ಟು ಬಲ್ಬು ಇರಬೇಕು ಎಂಬುದನ್ನು ಹೇಳುತ್ತದೆ. ಅದಕ್ಕಿಂತ ಹೆಚ್ಚೂ ಇರಬಾರದು, ಕಡಿಮೆಯೂ ಇರಬಾರದು. ಅಂಕಿಯಿಲ್ಲದ ಕಪ್ಪು ಮನೆ ಬರಿಯ ಗೋಡೆ; ಅದರ ಪಕ್ಕದಲ್ಲಿ ಎಷ್ಟು ಬಲ್ಬು ಬೇಕಾದರೂ ಇರಬಹುದು, ಇಲ್ಲದೆಯೂ ಇರಬಹುದು.

ಕಪ್ಪು ಮನೆಗಳು ಯಾಕೆ ಬೇಕು ಎಂಬುದನ್ನು ತಿಳಿಯಲು ಅವೇ ಇಲ್ಲದ ಚೌಕವನ್ನು ಕಲ್ಪಿಸಿಕೊಳ್ಳಿ. ಆರು ಸಾಲು, ಆರು ಕಂಬಸಾಲು, ಎಲ್ಲ ಮನೆಯೂ ಬಿಳಿ. ಆಗ ಬಲ್ಬು ಚದುರಂಗದ ಆನೆಯಂತೆಯೇ ನಡೆದುಕೊಳ್ಳುತ್ತದೆ: ಒಂದು ಅಡ್ಡಸಾಲಿನಲ್ಲಿ ಎರಡು ಬಲ್ಬು ಇರುವಂತಿಲ್ಲ, ಒಂದು ಕಂಬಸಾಲಿನಲ್ಲೂ ಎರಡು ಇರುವಂತಿಲ್ಲ. ಒಂದು ಅಡ್ಡಸಾಲು ಖಾಲಿ, ಒಂದು ಕಂಬಸಾಲೂ ಖಾಲಿ ಎಂದಾದರೆ ಅವೆರಡೂ ಕೂಡುವ ಮನೆ ಕತ್ತಲಲ್ಲಿ ಉಳಿಯುತ್ತದೆ. ಹಾಗಾಗಿ ಆರೂ ಸಾಲಿಗೆ ಒಂದೊಂದು ಬಲ್ಬು ಬೇಕೇ ಬೇಕು. ಮೊದಲ ಸಾಲಿನ ಬಲ್ಬಿಗೆ ಆರು ಜಾಗ, ಎರಡನೆಯದಕ್ಕೆ ಉಳಿದ ಐದು, ಮೂರನೆಯದಕ್ಕೆ ನಾಲ್ಕು, ಹೀಗೆ ಗುಣಿಸುತ್ತಾ ಹೋದರೆ ಒಟ್ಟು 720 ಉತ್ತರಗಳು ಬರುತ್ತವೆ. ಎಲ್ಲವೂ ಸರಿ. ಏಳುನೂರಿಪ್ಪತ್ತು ಸರಿಯುತ್ತರಗಳಿರುವ ಪ್ರಶ್ನೆಯಲ್ಲಿ ಯೋಚಿಸಿ ಕಂಡುಹಿಡಿಯುವುದಕ್ಕೆ ಏನೂ ಇರುವುದಿಲ್ಲ.

ಕಪ್ಪು ಮನೆಗಳು ಬಂದ ಕೂಡಲೇ ಸಾಲುಗಳು ತುಂಡಾಗುತ್ತವೆ. ಒಂದು ಉದ್ದನೆಯ ಸಾಲು ಎರಡು ಮೂರು ಓಣಿಗಳಾಗಿ ಒಡೆಯುತ್ತದೆ. ನಿಯಮವನ್ನು ಇನ್ನು ಓಣಿಯ ಲೆಕ್ಕದಲ್ಲೇ ಹೇಳಬಹುದು. ಪ್ರತಿಯೊಂದು ಬಿಳಿ ಮನೆಯೂ ಒಂದು ಅಡ್ಡ ಓಣಿಗೂ ಒಂದು ಉದ್ದ ಓಣಿಗೂ ಸೇರಿರುತ್ತದೆ. ಒಂದು ಓಣಿಯಲ್ಲಿ ಒಂದಕ್ಕಿಂತ ಹೆಚ್ಚು ಬಲ್ಬು ಇರಬಾರದು. ಒಂದು ಮನೆ ಬೆಳಗಬೇಕಾದರೆ ಅದರ ಎರಡು ಓಣಿಗಳಲ್ಲಿ ಒಂದರಲ್ಲಾದರೂ ಬಲ್ಬು ಇರಬೇಕು. ಒಗಟಿನ ಪೂರ್ತಿ ತರ್ಕ ಇಷ್ಟರಲ್ಲೇ ಅಡಗಿದೆ.

ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಒಗಟನ್ನು ಬಿಡಿಸುವುದೇ ಮೇಲು. ಈ ಲೇಖನಕ್ಕಾಗಿಯೇ ಕಟ್ಟಿದ ಆರು ಮನೆಯ ಚೌಕ ಇಲ್ಲಿದೆ. □ ಬಿಳಿ ಮನೆ, ■ ಅಂಕಿಯಿಲ್ಲದ ಕಪ್ಪು ಮನೆ, ಅಂಕಿ ಇರುವಲ್ಲೆಲ್ಲ ಅಂಕಿಯ ಕಪ್ಪು ಮನೆ.

```
□ □ □ 0 □ □
□ 3 □ □ □ ■
□ □ 1 □ □ □
□ □ □ 1 □ □
0 □ □ □ 2 □
□ □ ■ □ □ □
```

ಒಂದು ಹಾಳೆಯ ಮೇಲೆ ಇದನ್ನು ಬರೆದುಕೊಂಡು ಪೆನ್ಸಿಲ್ ಹಿಡಿದು ಜೊತೆಗೆ ಬನ್ನಿ. ಮನೆಗಳನ್ನು ಗುರುತಿಸಲು ಮೊದಲು ಅಡ್ಡಸಾಲಿನ ಸಂಖ್ಯೆ, ಆಮೇಲೆ ಕಂಬಸಾಲಿನ ಸಂಖ್ಯೆ ಹೇಳುತ್ತೇನೆ. 5-3 ಎಂದರೆ ಮೇಲಿನಿಂದ ಐದನೇ ಸಾಲು, ಎಡದಿಂದ ಮೂರನೇ ಮನೆ. ಬಲ್ಬು ಇರಲಾರದು ಎಂದು ಖಚಿತವಾದ ಮನೆಯಲ್ಲಿ ಒಂದು ಚುಕ್ಕಿ ಇಡೋಣ. ಹೊಸಬರು ಈ ಚುಕ್ಕಿಯನ್ನು ಕಡೆಗಣಿಸಿ ಬಲ್ಬಿನ ಜಾಗಕ್ಕೇ ಹುಡುಕುತ್ತಾರೆ. ಅಕಾರಿಯಲ್ಲಿ ಬಲ್ಬುಗಳು ಸಿಗುವುದು ಚುಕ್ಕಿಗಳ ಮೂಲಕ.

ಅದಕ್ಕೇ ಆರಂಭ ಸೊನ್ನೆಗಳಿಂದ. ಮೇಲಿನ ಸಾಲಿನ 0ಗೆ ಅಂಟಿರುವ 1-3, 1-5, 2-4ರಲ್ಲಿ ಬಲ್ಬು ಇರುವಂತಿಲ್ಲ, ಮೂರಕ್ಕೂ ಚುಕ್ಕಿ. ಐದನೇ ಸಾಲಿನ ಎಡತುದಿಯ 0ಗೆ ಅಂಟಿರುವ 4-1, 5-2, 6-1ಕ್ಕೂ ಚುಕ್ಕಿ. ಒಂದು ಬಲ್ಬೂ ಹಾಕಲಿಲ್ಲ, ಆದರೆ ಚೌಕದ ಎರಡು ಮೂಲೆಗಳು ಆಗಲೇ ಇಕ್ಕಟ್ಟಿನಲ್ಲಿ ಸಿಕ್ಕಿವೆ.

ಎಡಗಡೆಯ ಕೆಳಮೂಲೆ 6-1ನ್ನು ನೋಡಿ. ಅದಕ್ಕೆ ಬೆಳಕು ಎಲ್ಲಿಂದ ಬರಬೇಕು? ಮೇಲೆ ಕಪ್ಪು ಮನೆ. ಬಲಕ್ಕೆ 6-2 ಒಂದೇ ಬಿಳಿ ಮನೆ, ಅದರಾಚೆ ಗೋಡೆ. ತನ್ನಲ್ಲೇ ಬಲ್ಬು ಹಾಕಿಕೊಳ್ಳಲು ಚುಕ್ಕಿ ಬಿಡುವುದಿಲ್ಲ. ಉಳಿದದ್ದು 6-2 ಮಾತ್ರ. ಅಲ್ಲಿ ಬಲ್ಬು ಖಚಿತ. ಬಲಗಡೆಯ ಮೇಲ್ಮೂಲೆ 1-6ರದ್ದೂ ಇಂಥದೇ ಸ್ಥಿತಿ. ಅದರ ಕೆಳಗೆ ಕಪ್ಪು, ಎಡಕ್ಕಿರುವ 1-5ರಲ್ಲಿ ಚುಕ್ಕಿ, ಅದರಾಚೆ ಮತ್ತೆ ಕಪ್ಪು. ಬೇರೆ ಯಾರೂ ಬೆಳಗಿಸಲಾರದ ಮನೆ ತಾನೇ ಬೆಳಗಬೇಕು, ಹಾಗಾಗಿ 1-6ರಲ್ಲಿ ಬಲ್ಬು.

ಈ ಎರಡೂ ಬಲ್ಬುಗಳನ್ನು ಯಾವ ಅಂಕಿಯೂ ಕೇಳಿರಲಿಲ್ಲ ಎಂಬುದನ್ನು ಗಮನಿಸಿ. ಅವನ್ನು ಕೇಳಿದ್ದು ಎರಡು ಕತ್ತಲೆ ಮನೆಗಳು. ಕತ್ತಲಲ್ಲಿರುವ ಒಂದು ಮನೆಯನ್ನು ಹಿಡಿದು, ಇದನ್ನು ಬೆಳಗಿಸಬಲ್ಲ ಜಾಗಗಳು ಯಾವುವು ಎಂದು ಕೇಳುವುದು. ಉತ್ತರ ಒಂದೇ ಜಾಗ ಎಂದಾದಾಗ ಬಲ್ಬು ಹಾಕುವುದು. ಅಕಾರಿ ಬಿಡಿಸುವವರ ಅತಿ ದೊಡ್ಡ ಆಯುಧ ಇದು, ಕಷ್ಟದ ಒಗಟುಗಳೆಲ್ಲ ಇದರಿಂದಲೇ ಸಡಿಲವಾಗುತ್ತವೆ.

6-2ರ ಬೆಳಕು ಎರಡನೇ ಕಂಬಸಾಲಿನಲ್ಲಿ ಮೇಲೇರಿ 5-2, 4-2, 3-2ನ್ನು ಬೆಳಗಿಸಿ 3ರ ಕಪ್ಪು ಮನೆಗೆ ತಾಗಿ ನಿಲ್ಲುತ್ತದೆ. ಬೆಳಗಿದ ಮನೆಯಲ್ಲಿ ಮತ್ತೊಂದು ಬಲ್ಬು ಹಾಕುವಂತಿಲ್ಲ. ಹಾಗಾಗಿ 3ರ ನಾಲ್ಕು ನೆರೆಮನೆಗಳಲ್ಲಿ ಕೆಳಗಿನ 3-2 ಕೈತಪ್ಪಿತು. ಉಳಿದ ಮೂರರಲ್ಲೂ ಬಲ್ಬು ಇರಲೇಬೇಕು: 1-2, 2-1, 2-3. ಚೌಕದ ಕೆಳಗಿನ ಸಾಲಿನಲ್ಲಿ ಹಾಕಿದ ಒಂದು ಬಲ್ಬು ಮೇಲಿನ ಮೂರು ಬಲ್ಬುಗಳನ್ನು ನಿರ್ಧರಿಸಿತು.

2-3ರ ಬಲ್ಬು ಅದರ ಕೆಳಗಿರುವ 3-3ರ 1ಕ್ಕೂ ಅಂಟಿಕೊಂಡಿದೆ. ಆ 1ರ ಲೆಕ್ಕ ಅಲ್ಲಿಗೆ ಮುಗಿಯಿತು. ಅದರ ಬೇರೆ ನೆರೆಮನೆಗಳಾದ 3-4 ಮತ್ತು 4-3ಕ್ಕೆ ಚುಕ್ಕಿ ಇಡಿ. ಈಗ 4-3ರಲ್ಲಿ ನಿಂತು ಮತ್ತೆ ಅದೇ ಪ್ರಶ್ನೆ ಕೇಳಿ: ಇಲ್ಲಿಗೆ ಬೆಳಕು ಎಲ್ಲಿಂದ? ಎಡಕ್ಕಿರುವ 4-2 ಆಗಲೇ 6-2ರಿಂದ ಬೆಳಗಿದೆ, 4-1 ಮೊದಲನೇ ಕಂಬಸಾಲಿನಲ್ಲಿರುವ 2-1ರಿಂದ ಬೆಳಗಿದೆ. ಬಲಕ್ಕೂ ಮೇಲಕ್ಕೂ ಕಪ್ಪು ಮನೆಗಳು. ಕೆಳಗಿರುವ 5-3 ಮಾತ್ರ ಉಳಿಯಿತು, ಬಲ್ಬು ಅಲ್ಲಿಗೆ.

5-3ರ ಬೆಳಕು ಬಲಕ್ಕೆ 5-4ರ ಮೇಲೆ ಬೀಳುತ್ತದೆ. ನಾಲ್ಕನೇ ಸಾಲಿನ 4-4ರಲ್ಲಿ ಒಂದು 1 ಇದೆಯಲ್ಲ, ಅದಕ್ಕೆ ಒಂದು ಬಲ್ಬು ಬೇಕು. ಅದರ ಮೇಲಿನ 3-4ರಲ್ಲಿ ಚುಕ್ಕಿ, ಎಡದ 4-3ರಲ್ಲಿ ಚುಕ್ಕಿ, ಕೆಳಗಿನ 5-4 ಬೆಳಗಿದೆ. ಬಲಕ್ಕಿರುವ 4-5 ಮಾತ್ರ ಬಾಕಿ, ಅಲ್ಲಿ ಬಲ್ಬು. ಅದರ ಬೆಳಕು ಐದನೇ ಕಂಬಸಾಲಿನಲ್ಲಿ ಮೇಲೇರಿ 3-5, 2-5, 1-5ನ್ನು ತುಂಬುತ್ತದೆ. ಇನ್ನು 3-4ರ ಕತ್ತಲೆಯನ್ನು ವಿಚಾರಿಸೋಣ. ಅದರಲ್ಲೇ ಚುಕ್ಕಿ ಇದೆ, ಮೇಲಿನ 2-4ರಲ್ಲೂ ಚುಕ್ಕಿ ಇದೆ, ಬಲಕ್ಕಿರುವ 3-5 ಈಗ ತಾನೇ ಬೆಳಗಿತು. ಆ ಓಣಿಯ ಕೊನೆಯ ಮನೆ 3-6ರಲ್ಲಿ ಮಾತ್ರ ಬಲ್ಬು ಸಾಧ್ಯ. ಅದು ಮೂರನೇ ಸಾಲಿನ ಬಲಭಾಗವನ್ನೂ ಆರನೇ ಕಂಬಸಾಲಿನ ಕೆಳಭಾಗವನ್ನೂ ಬೆಳಗಿಸುತ್ತದೆ.

ಕತ್ತಲಲ್ಲಿ ಉಳಿದಿರುವುದು ಕೆಳಗಿನ ಸಾಲಿನ 6-4 ಮತ್ತು 6-5 ಎಂಬ ಎರಡೇ ಮನೆ. ಅವು ಒಂದೇ ಓಣಿಯಲ್ಲಿವೆ, ಒಂದರಲ್ಲಿ ಬಲ್ಬು ಹಾಕಿದರೆ ಎರಡೂ ಬೆಳಗುತ್ತವೆ. ಯಾವುದರಲ್ಲಿ? ಇಲ್ಲಿ 5-5ರ 2 ನೆರವಿಗೆ ಬರುತ್ತದೆ. ಅದರ ಮೇಲಿನ 4-5ರಲ್ಲಿ ಒಂದು ಬಲ್ಬು ಇದೆ. ಇನ್ನೊಂದು ಬೇಕು. ಎಡಬಲದ 5-4, 5-6 ಎರಡೂ ಬೆಳಗಿವೆ, ಆದ್ದರಿಂದ ಕೆಳಗಿನ 6-5. ಒಂಬತ್ತು ಬಲ್ಬುಗಳಲ್ಲಿ 28 ಬಿಳಿ ಮನೆಗಳು ಬೆಳಗಿದವು. ಮುಗಿದ ಚೌಕದಲ್ಲಿ ಬಲ್ಬುಗಳನ್ನು ● ಎಂದು ತೋರಿಸಿದ್ದೇನೆ.

```
□ ● □ 0 □ ●
● 3 ● □ □ ■
□ □ 1 □ □ ●
□ □ □ 1 ● □
0 □ ● □ 2 □
□ ● ■ □ ● □
```

ಎಲ್ಲಿಯೂ ಊಹೆ ಮಾಡಲಿಲ್ಲ. ಪ್ರತಿ ಬಲ್ಬಿಗೂ, ಅದು ಅಲ್ಲಿಯೇ ಇರಬೇಕು ಎನ್ನಲು ಕಾರಣ ಇತ್ತು.

ಸೊನ್ನೆಗಳನ್ನು ಬಿಟ್ಟು ಬೇರೆ ಬಾಗಿಲಿಂದಲೂ ಈ ಚೌಕದೊಳಗೆ ಬರಬಹುದು. 2-2ರ 3 ಮತ್ತು 3-3ರ 1 ಮೂಲೆಗೆ ಮೂಲೆ ತಾಗಿ ನಿಂತಿವೆ. ಅವೆರಡಕ್ಕೂ 2-3 ಮತ್ತು 3-2 ಸಾಮಾನ್ಯ ನೆರೆಮನೆಗಳು. ಈ ಎರಡು ಮನೆಗಳಲ್ಲಿ ಒಟ್ಟು ಎಷ್ಟು ಬಲ್ಬು ಇರಬಹುದು? 1ನ್ನು ಕೇಳಿದರೆ, ಹೆಚ್ಚೆಂದರೆ ಒಂದು. 3ನ್ನು ಕೇಳಿದರೆ, ತನಗೆ ಬೇರೆ ಇರುವುದು ಎರಡೇ ಮನೆ, ಹಾಗಾಗಿ ಇವುಗಳಲ್ಲಿ ಕಡಿಮೆಯೆಂದರೂ ಒಂದು ಬೇಕು. ಇಬ್ಬರ ಮಾತೂ ನಡೆಯಬೇಕಾದರೆ ಅಲ್ಲಿ ಸರಿಯಾಗಿ ಒಂದು ಬಲ್ಬು ಇರಬೇಕು. ಯಾವ ಮನೆಯಲ್ಲಿ ಎಂಬುದು ಇನ್ನೂ ಗೊತ್ತಿಲ್ಲ, ಆದರೂ 3ರ ಉಳಿದ ಎರಡು ನೆರೆಮನೆಗಳಲ್ಲಿ ಬಲ್ಬು ಖಚಿತವಾಯಿತು, 1ರ ಉಳಿದ ಎರಡರಲ್ಲಿ ಚುಕ್ಕಿ ಖಚಿತವಾಯಿತು. ಒಂದು ವಿಷಯ ಪೂರ್ತಿ ತಿಳಿಯದೆಯೇ ಅದರ ಸುತ್ತಲಿನದೆಲ್ಲ ತಿಳಿದುಬಿಡುವ ಈ ನಡೆ ನನಗೆ ತುಂಬ ಇಷ್ಟ. ಪಳಗಿದವರು ಚೌಕ ಕಂಡ ಕೂಡಲೇ ಮೂಲೆಗೆ ಮೂಲೆ ತಾಗಿದ 3 ಮತ್ತು 1ರ ಜೋಡಿಯನ್ನು ಹುಡುಕುತ್ತಾರೆ.

3ರ ಬಗ್ಗೆ ಇನ್ನೊಂದು ಮಾತು. ಅದರ ಓರೆಯಲ್ಲಿರುವ ಮನೆಗಳಲ್ಲಿ ಎಂದಿಗೂ ಬಲ್ಬು ಇರಲಾರದು. ನಮ್ಮ ಚೌಕದಲ್ಲಿ 1-1ರಲ್ಲಿ ಬಲ್ಬು ಹಾಕಿದಿರಿ ಎಂದುಕೊಳ್ಳಿ. ಅದು ಪಕ್ಕದ 1-2ನ್ನೂ ಕೆಳಗಿನ 2-1ನ್ನೂ ಬೆಳಗಿಸುತ್ತದೆ. 3ರ ನಾಲ್ಕು ನೆರೆಮನೆಗಳಲ್ಲಿ ಎರಡು ಹೋದವು, ಉಳಿದ ಎರಡರಲ್ಲಿ ಮೂರು ಬಲ್ಬು ಹಿಡಿಸುವುದು ಹೇಗೆ? ಆದ್ದರಿಂದ 3 ಕಂಡಲ್ಲೆಲ್ಲ ಅದರ ಓರೆಮನೆಗಳಿಗೆ ಕಣ್ಣುಮುಚ್ಚಿ ಚುಕ್ಕಿ ಇಡಬಹುದು. ಚೌಕದ ಅಂಚಿನಲ್ಲಿರುವ 2ಕ್ಕೆ ಮೂರೇ ನೆರೆಮನೆಗಳಾದ್ದರಿಂದ ಅದಕ್ಕೂ ಇದೇ ಮಾತು ಹೊಂದುತ್ತದೆ. ಮೂಲೆಯಲ್ಲಿರುವ 1ಕ್ಕೂ ಅಷ್ಟೇ.

ಈಗ ಒಗಟು ಕಟ್ಟುವವರ ಕಡೆಗೆ ಬರೋಣ. ಒಗಟಿಗೆ ಒಂದೇ ಉತ್ತರ ಇರಬೇಕು, ಮತ್ತು ಅದನ್ನು ತರ್ಕದಿಂದಲೇ ತಲುಪುವಂತಿರಬೇಕು. ಇದು ಅವರು ಓದುಗರಿಗೆ ಕೊಡುವ ಮಾತು. ನಮ್ಮ ಚೌಕದಿಂದ 5-5ರ 2ನ್ನು ಅಳಿಸಿ, ಬರಿಯ ಕಪ್ಪು ಮನೆಯಾಗಿ ಬಿಡಿ. ಎಂಟು ಬಲ್ಬುಗಳವರೆಗೆ ಎಲ್ಲವೂ ಮೊದಲಿನಂತೆಯೇ ನಡೆಯುತ್ತದೆ. ಕೊನೆಯ ಬಲ್ಬು ಮಾತ್ರ 6-4ರಲ್ಲೂ ಇರಬಹುದು, 6-5ರಲ್ಲೂ ಇರಬಹುದು. ಎರಡರಲ್ಲಿ ಯಾವುದಾದರೂ ನಿಯಮಕ್ಕೆ ಸರಿಯೇ. ಹಾಗಾದಾಗ ಅದು ಕೆಟ್ಟ ಒಗಟು. ಬಿಡಿಸುವವರು ತಾವೇ ಎಲ್ಲೋ ತಪ್ಪಿದೆವು ಎಂದುಕೊಂಡು ಹಿಂದಕ್ಕೆ ಹೋಗಿ ಹುಡುಕುತ್ತಾರೆ, ಇಲ್ಲದ ಕಾರಣವನ್ನು ಹುಡುಕಿ ಬಳಲುತ್ತಾರೆ. ಆ ಒಂದು 2 ಇರುವುದೇ ಇದನ್ನು ತಪ್ಪಿಸಲು.

ಎಲ್ಲ ಅಂಕಿಗೂ ಇಷ್ಟು ಹೊಣೆ ಇರುವುದಿಲ್ಲ. ಮೇಲಿನ ಸಾಲಿನ 0ಯನ್ನು ಅಳಿಸಿ ನೋಡಿ. ಉತ್ತರ ಒಂದಿಷ್ಟೂ ಬದಲಾಗುವುದಿಲ್ಲ. 1-6ರ ಬಲ್ಬನ್ನು ಆರಂಭದಲ್ಲೇ ಹಾಕಲಾಗುವುದಿಲ್ಲ, 4-5ರ ಬೆಳಕು ಮೇಲೇರಿ 1-5ನ್ನು ಮುಟ್ಟುವವರೆಗೆ ಕಾಯಬೇಕು, ಅಷ್ಟೇ ವ್ಯತ್ಯಾಸ. 2-4 ಆಗಲೇ 2-3ರಿಂದ ಬೆಳಗಿರುವುದರಿಂದ ಅಲ್ಲಿಯ ಚುಕ್ಕಿಯೂ ಬೇಕಾಗುವುದಿಲ್ಲ. ಹೀಗೆ ಉತ್ತರಕ್ಕೆ ಬೇಕಿಲ್ಲದ ಅಂಕಿಯನ್ನು ಹೊಸಬರಿಗೆ ಹಿಡಿಕೆಯಾಗಲಿ ಎಂದು ಬಿಡುವುದೋ, ಪಳಗಿದವರಿಗೆ ಕಷ್ಟವಾಗಲಿ ಎಂದು ತೆಗೆಯುವುದೋ ಎಂಬುದು ಕಟ್ಟುವವರ ವಿವೇಚನೆ. ಒಗಟಿನ ಸುಲಭ ಕಷ್ಟಗಳು ಚೌಕದ ಗಾತ್ರಕ್ಕಿಂತ ಹೆಚ್ಚಾಗಿ ಇಂಥ ತೀರ್ಮಾನಗಳಿಂದ ಆಗುತ್ತವೆ.

ಚೌಕವನ್ನು ತಲೆಕೆಳಗಾಗಿ ತಿರುಗಿಸಿ ನೋಡಿದರೆ ಕಪ್ಪು ಮನೆಗಳು ಮತ್ತೆ ಅದೇ ಜಾಗಗಳಲ್ಲಿ ಕೂತಿರುವುದು ಕಾಣುತ್ತದೆ. ಇದು ನಿಯಮದಿಂದ ಬಂದದ್ದಲ್ಲ, ಅಂದಕ್ಕಾಗಿ ಪಾಲಿಸುವ ಸಂಪ್ರದಾಯ. ಕೈಯಲ್ಲಿ ಕಟ್ಟಿದ ಜಪಾನಿ ಒಗಟುಗಳಲ್ಲಿ ಇದನ್ನು ಮತ್ತೆ ಮತ್ತೆ ಕಾಣಬಹುದು. ವಿನ್ಯಾಸವನ್ನು ಮೊದಲು ಕಟ್ಟಿಕೊಂಡು, ಅದರೊಳಗೆ ಅಂಕಿಗಳಿಂದ ದಾರಿ ಕೊರೆಯುವುದು ಹೆಚ್ಚಿನ ಶ್ರಮದ ಕೆಲಸ.

ಬಿಡಿಸುವಾಗ ಆಗುವ ತಪ್ಪುಗಳಲ್ಲಿ ಮೊದಲನೆಯದು ಅಂಕಿಯಿಲ್ಲದ ಕಪ್ಪು ಮನೆಯನ್ನು ಸೊನ್ನೆ ಎಂದು ತಿಳಿಯುವುದು. ನಮ್ಮ ಚೌಕದ ಕೆಳಸಾಲಿನ 6-3 ಅಂಥ ಮನೆ. ಅದನ್ನು ಸೊನ್ನೆ ಎಂದುಕೊಂಡವರು 6-2ರಲ್ಲಿ ಬಲ್ಬು ಹಾಕುವುದೇ ಇಲ್ಲ. ಆಗ ಮೂಲೆಯ 6-1ನ್ನು ಬೆಳಗಿಸಲು ಯಾವ ದಾರಿಯೂ ಉಳಿಯುವುದಿಲ್ಲ. ನಿಜವಾದ ಉತ್ತರದಲ್ಲಿ ಆ ಬರಿಯ ಗೋಡೆಗೆ ಎರಡು ಬಲ್ಬುಗಳು ಅಂಟಿಕೊಂಡಿವೆ.

ಎರಡನೆಯದು ಅಂಕಿಯ ಹಸಿವು ತೀರಿಸಲು ಅವಸರಪಡುವುದು. 4-4ರ 1ಕ್ಕೆ ಒಂದು ಬಲ್ಬು ಬೇಕು, 5-4 ಖಾಲಿ ಇದೆ, ಹಾಕಿಬಿಡೋಣ ಎಂದು ಹಾಕಿದರೆ ಆ ಕ್ಷಣಕ್ಕೆ ಏನೂ ತಪ್ಪು ಕಾಣುವುದಿಲ್ಲ. 1ರ ಲೆಕ್ಕ ಸರಿಹೋಯಿತು, ಯಾವ ಬಲ್ಬೂ ಇನ್ನೊಂದನ್ನು ನೋಡುತ್ತಿಲ್ಲ. ಆದರೆ 5-4ರ ಬೆಳಕು ಎಡಕ್ಕೆ ಹರಿದು 5-3ನ್ನು ಮುಟ್ಟಿತು. 5-3 ಬೆಳಗಿದ ಮೇಲೆ ಅಲ್ಲಿ ಬಲ್ಬು ಇಲ್ಲ, ಅಲ್ಲಿ ಬಲ್ಬು ಇಲ್ಲದಿದ್ದರೆ 4-3ಕ್ಕೆ ಬೆಳಕಿಲ್ಲ. ತಪ್ಪು ನಡೆದದ್ದು ಒಂದು ಕಡೆ, ಅದರ ನೋವು ಕಾಣಿಸಿದ್ದು ಇನ್ನೊಂದು ಕಡೆ. ಅಕಾರಿಯಲ್ಲಿ ತಪ್ಪಿನ ಲಕ್ಷಣ ಹೆಚ್ಚಾಗಿ ಹೀಗೆಯೇ ಇರುತ್ತದೆ: ಎರಡು ಬಲ್ಬು ಎದುರುಬದುರಾಗುವುದು ಅಪರೂಪ, ಎಲ್ಲ ದಾರಿಯೂ ಮುಚ್ಚಿದ ಒಂದು ಕತ್ತಲೆ ಮನೆ ಉಳಿದುಬಿಡುವುದು ಸಾಮಾನ್ಯ. ಅಂಥ ಮನೆ ಕಂಡರೆ ಅದರ ಆಸುಪಾಸಿನ ಬಲ್ಬುಗಳನ್ನು ಒಂದೊಂದಾಗಿ ಹಿಡಿದು, ಇದಕ್ಕೆ ಕಾರಣ ಇತ್ತೇ ಎಂದು ಕೇಳುತ್ತಾ ಹಿಂದಕ್ಕೆ ಹೋಗಬೇಕು. ಕಾರಣ ನೆನಪಾಗದ ಬಲ್ಬೇ ಸಾಮಾನ್ಯವಾಗಿ ಅಪರಾಧಿ.

ಕಷ್ಟದ ಒಗಟುಗಳಲ್ಲಿ ಇದನ್ನೇ ಬೇಕೆಂದೇ ಬಳಸುತ್ತಾರೆ. ಎಲ್ಲೂ ದಾರಿ ಕಾಣದಾಗ ಒಂದು ಮನೆಯಲ್ಲಿ ಬಲ್ಬು ಇದೆ ಎಂದು ಮನಸ್ಸಿನಲ್ಲೇ ಇಟ್ಟುಕೊಂಡು ಎರಡು ಮೂರು ಹೆಜ್ಜೆ ನಡೆದು ನೋಡುವುದು. ಎಲ್ಲಾದರೂ ಒಂದು ಮನೆಗೆ ಬೆಳಕೇ ಇಲ್ಲವಾದರೆ, ಹೊರಟ ಮನೆಗೆ ಚುಕ್ಕಿ. ಹಾಳೆಯ ಮೇಲೆ ಗಟ್ಟಿಯಾಗಿ ಬರೆದು ಪರೀಕ್ಷಿಸಲು ಹೋದರೆ ಯಾವುದು ಖಚಿತ, ಯಾವುದು ಊಹೆ ಎಂಬುದು ಬೆರೆತುಹೋಗುತ್ತದೆ. ಊಹೆಗೆ ಬೇರೆ ಗುರುತು ಇಟ್ಟುಕೊಳ್ಳುವುದು ಕ್ಷೇಮ.

ಮುಗಿಸಿದ ಮೇಲೆ ಸರಿನೋಡಲು ಓಣಿಯ ಲೆಕ್ಕ ಚೆನ್ನಾಗಿ ಒದಗುತ್ತದೆ. ನಮ್ಮ ಚೌಕದಲ್ಲಿ 12 ಅಡ್ಡ ಓಣಿಗಳೂ 12 ಉದ್ದ ಓಣಿಗಳೂ ಇವೆ. ಒಂಬತ್ತು ಬಲ್ಬುಗಳು ಒಂಬತ್ತು ಅಡ್ಡ ಓಣಿಗಳಲ್ಲೂ ಒಂಬತ್ತು ಉದ್ದ ಓಣಿಗಳಲ್ಲೂ ಕೂತಿವೆ. ಬಲ್ಬಿಲ್ಲದ ಅಡ್ಡ ಓಣಿ ಮೂರು, ಉದ್ದ ಓಣಿ ಮೂರು. ಈ ಖಾಲಿ ಅಡ್ಡ ಓಣಿಗಳಲ್ಲಿ ಯಾವುದೂ ಖಾಲಿ ಉದ್ದ ಓಣಿಯನ್ನು ಎಲ್ಲಿಯೂ ಕೂಡದಿದ್ದರೆ ಕತ್ತಲೆ ಮನೆ ಇಲ್ಲ ಎಂದೇ ಅರ್ಥ. ಇಪ್ಪತ್ತೆಂಟು ಮನೆಗಳನ್ನು ಒಂದೊಂದಾಗಿ ನೋಡುವ ಬದಲು ಆರು ಓಣಿಗಳನ್ನು ನೋಡಿದರೆ ಸಾಕು.

ಸರಿನೋಡುವುದು ಇಷ್ಟು ಸುಲಭ. ಉತ್ತರ ಕಂಡುಹಿಡಿಯುವುದೂ ಅಷ್ಟೇ ಸುಲಭವೇ? ಪ್ರತಿ ಬಿಳಿ ಮನೆಯಲ್ಲಿ ಬಲ್ಬು ಇದೆ ಅಥವಾ ಇಲ್ಲ ಎಂದು ಎಲ್ಲ ಸಾಧ್ಯತೆಗಳನ್ನೂ ಬರೆಯಹೊರಟರೆ ನಮ್ಮ ಪುಟ್ಟ ಚೌಕಕ್ಕೇ 26 ಕೋಟಿ 84 ಲಕ್ಷಕ್ಕೂ ಹೆಚ್ಚು ಜೋಡಣೆಗಳಾಗುತ್ತವೆ. ಹತ್ತು ಮನೆಯ ಚೌಕದಲ್ಲಿ 75 ಬಿಳಿ ಮನೆ ಇದ್ದರೆ ಆ ಸಂಖ್ಯೆಗೆ 23 ಅಂಕಿಗಳು. ಹಾಗೆ ಲೆಕ್ಕ ಹಾಕದೆ, ಎಷ್ಟೇ ದೊಡ್ಡ ಅಕಾರಿಯನ್ನಾದರೂ ಬೇಗ ಬಿಡಿಸುವ ಒಂದು ಜಾಣ ವಿಧಾನ ಇದೆಯೇ ಎಂಬುದು ಗಣಕ ವಿಜ್ಞಾನಿಗಳ ಪ್ರಶ್ನೆ. 2005ರಲ್ಲಿ ಬ್ರ್ಯಾಂಡನ್ ಮ್ಯಾಕ್‌ಫೇಲ್ ಇದಕ್ಕೆ ಉತ್ತರ ಕೊಟ್ಟರು. ಗಣಕ ವಿಜ್ಞಾನದಲ್ಲಿ ಎನ್‌ಪಿ-ಕಂಪ್ಲೀಟ್ ಎಂಬ ಒಂದು ಗುಂಪಿನ ಸಮಸ್ಯೆಗಳಿವೆ. ಉತ್ತರ ಕೈಗೆ ಕೊಟ್ಟರೆ ಸರಿನೋಡುವುದು ಸುಲಭ, ಆದರೆ ಎಲ್ಲ ಗಾತ್ರಕ್ಕೂ ಒದಗುವ ವೇಗದ ಬಿಡಿಸುವ ವಿಧಾನ ಇಂದಿಗೂ ಯಾರಿಗೂ ಸಿಕ್ಕಿಲ್ಲ. ಆ ಗುಂಪಿನ ಒಂದಕ್ಕೆ ಅಂಥ ವಿಧಾನ ಸಿಕ್ಕರೆ ಎಲ್ಲಕ್ಕೂ ಸಿಕ್ಕಂತೆ. ಅಕಾರಿ ಆ ಗುಂಪಿಗೆ ಸೇರಿದೆ ಎಂದು ಅವರು ಸಾಧಿಸಿದರು.

ಸಾಧಿಸಿದ ಬಗೆ ಸೊಗಸಾಗಿದೆ, ಅದರ ಬೀಜ ನಾವು ಬಿಡಿಸಿದ ಚೌಕದಲ್ಲೇ ಇದೆ. 5-3ರಲ್ಲಿ ಬಲ್ಬು ಬಂದದ್ದರಿಂದ 5-4ರಲ್ಲಿ ಇಲ್ಲ ಎಂದಾಯಿತು. 5-4ರಲ್ಲಿ ಇಲ್ಲದ್ದರಿಂದ 4-4ರ 1 ತನ್ನ ಬಲ್ಬನ್ನು 4-5ಕ್ಕೆ ಕೊಟ್ಟಿತು. 4-5ರಲ್ಲಿ ಇದ್ದದ್ದರಿಂದ 3-5ರಲ್ಲಿ ಇಲ್ಲ, 3-5ರಲ್ಲಿ ಇಲ್ಲದ್ದರಿಂದ 3-6ರಲ್ಲಿ ಇದೆ. ಇದೆ, ಇಲ್ಲ, ಇದೆ, ಇಲ್ಲ, ಇದೆ ಎಂದು ಸುದ್ದಿಯೊಂದು ಮನೆಯಿಂದ ಮನೆಗೆ ದಾಟುತ್ತಾ ಚೌಕದ ಅಂಚಿಗೆ ಬಂತು. ವಿದ್ಯುತ್ ತಂತಿಯಲ್ಲಿ ಸಂಕೇತ ಹರಿಯುವುದೂ ಹೀಗೆಯೇ. ಕಪ್ಪು ಮನೆಗಳನ್ನೂ ಅಂಕಿಗಳನ್ನೂ ಸರಿಯಾಗಿ ಜೋಡಿಸಿದರೆ ಇಂಥ ತಂತಿಯನ್ನು ಉದ್ದಕ್ಕೂ ಎಳೆಯಬಹುದು, ತಿರುಗಿಸಬಹುದು, ಕವಲೊಡೆಸಬಹುದು, ಎರಡು ತಂತಿಗಳು ಒಂದು ಕಡೆ ಸೇರಿ ತರ್ಕದ ದ್ವಾರವಾಗುವಂತೆ ಮಾಡಬಹುದು. ಕಂಪ್ಯೂಟರಿನೊಳಗಿನ ಚಿಪ್ಪಿನಲ್ಲಿರುವ ತರ್ಕ ಮಂಡಲಗಳನ್ನು ಬಲ್ಬು ಮತ್ತು ಗೋಡೆಗಳಿಂದಲೇ ಕಟ್ಟಬಹುದು. ಆ ಮಂಡಲಗಳ ಕಷ್ಟವೆಲ್ಲ ಹಾಗೆಯೇ ಒಗಟಿನೊಳಗೆ ಬರುತ್ತದೆ.

ಕಾಗದದ ಮೇಲೆ ನಾವು ಬಿಡಿಸುವ ಚೌಕಗಳು ಇದಕ್ಕೆ ಹೆದರಬೇಕಾಗಿಲ್ಲ. ಅವನ್ನು ಮನುಷ್ಯರು ಬಿಡಿಸಲೆಂದೇ ಕಟ್ಟಿರುತ್ತಾರೆ. ಸೈಮನ್ ಟಾಥಮ್ ಎಂಬ ಇಂಗ್ಲೆಂಡಿನ ಪ್ರೋಗ್ರಾಮರ್ ಸಂಪಾದಿಸಿ ಉಚಿತವಾಗಿ ಹಂಚುತ್ತಿರುವ ಒಗಟುಗಳ ಸಂಗ್ರಹದಲ್ಲಿ Light Up ಎಂಬ ಹೆಸರಿನಲ್ಲಿ ಇದು ಸಿಗುತ್ತದೆ. ಅಲ್ಲಿ ಚೌಕದ ಗಾತ್ರ, ಕಷ್ಟದ ಮಟ್ಟ ಎರಡನ್ನೂ ಆರಿಸಿಕೊಳ್ಳಬಹುದು, ಪ್ರತಿ ಸಲವೂ ಹೊಸ ಚೌಕ ಬರುತ್ತದೆ. ಬಲ್ಬುಗಳು ಒಂದನ್ನೊಂದು ನೋಡಿದರೆ ಕೆಂಪಾಗುತ್ತವೆ. ಅಂಕಿಯ ಲೆಕ್ಕ ಮೀರಿದರೆ ಅದೂ ಕೆಂಪಾಗುತ್ತದೆ. ದಾರಿ ಮುಚ್ಚಿಹೋದ ಕತ್ತಲೆ ಮನೆಯನ್ನು ಮಾತ್ರ ನೀವೇ ಕಂಡುಕೊಳ್ಳಬೇಕು.